41% ಆಫ್ ಅಲ್ಲ ಗುರು, ಗ್ರಾಫ್ ನೋಡು

1/5
ಸೇಲ್ ಶುರುವಾದ ರಾತ್ರಿ ಕ್ಲಾಸ್ ಗ್ರೂಪಲ್ಲಿ ಒಂದು ಸ್ಕ್ರೀನ್‌ಶಾಟ್ ಬಿತ್ತು. ಲ್ಯಾಪ್‌ಟಾಪ್, ಎಂಆರ್‌ಪಿ 71,990, ಸೇಲ್ ಬೆಲೆ 41,990. ಪಕ್ಕದಲ್ಲಿ ದಪ್ಪಕ್ಷರದಲ್ಲಿ 41% ಆಫ್. "ತಗೊಳ್ರೋ, ಮತ್ತೆ ಸಿಗಲ್ಲ" ಅಂತ ಕೆಳಗೆ ಹತ್ತು ಮೆಸೇಜ್. ನನಗೂ ಅದೇ ಮಾಡೆಲ್ ಬೇಕಿತ್ತು. ಅಮ್ಮ ಚೀಟಿ ಎತ್ತಿ 40,000 ಕೊಟ್ಟಿದ್ರು. ಆದ್ರೂ ತಗೊಳ್ಳಲಿಲ್ಲ. ಜಿಪುಣಿ ಅಂದ್ರಿ. ಉತ್ತರ ಇಲ್ಲಿದೆ, ಪೂರ್ತಿ ಓದಿ ಆಮೇಲೆ ಬೈಯಿರಿ.

2/5
ನಾವು ಬಿಕಾಂ ಓದ್ತಿರೋರು, ಇಷ್ಟಾದ್ರೂ ಗೊತ್ತಿರಬೇಕು. ಎಂಆರ್‌ಪಿ ಅಂದ್ರೆ ಗರಿಷ್ಠ ಬೆಲೆ, ಅದಕ್ಕಿಂತ ಜಾಸ್ತಿಗೆ ಮಾರಬಾರದು ಅನ್ನೋ ಗೆರೆ. ಆ ಬೆಲೆಗೆ ಯಾವತ್ತಾದ್ರೂ ಯಾರಾದ್ರೂ ಕೊಂಡಿದ್ದಾರೆ ಅಂತ ಅರ್ಥ ಅಲ್ಲ. ಪರ್ಸೆಂಟನ್ನ ಆ ಗೆರೆಯಿಂದ ಲೆಕ್ಕ ಹಾಕಿದ್ರೆ ವರ್ಷ ಪೂರ್ತಿ ಆಫರ್ರೇ.

ನಾನು ಆ ಮಾಡೆಲ್‌ನ ಆರು ತಿಂಗಳ ಬೆಲೆ ತೆಗೆದು ನೋಡಿದೆ. ಬಹುಪಾಲು ದಿನ 43,990. ಸೇಲ್‌ಗೆ ಐದು ದಿನ ಮುಂಚೆ 46,990ಕ್ಕೆ ಏರಿತ್ತು, ಸೇಲಲ್ಲಿ 41,990ಕ್ಕೆ ಇಳೀತು. ಮಾಮೂಲಿ ಬೆಲೆಗೆ ಹೋಲಿಸಿದ್ರೆ ಉಳಿಯೋದು 2,000, ಅಂದ್ರೆ 5%ಗೂ ಕಮ್ಮಿ. ಇದಕ್ಕಾ ನೀವು ರಾತ್ರಿ ಹನ್ನೆರಡರ ತನಕ ನಿದ್ದೆ ಬಿಟ್ಟಿದ್ದು?

3/5
ಹಳೇ ಬೆಲೆ ಹೆಂಗೆ ನೋಡೋದು? Amazonನಲ್ಲಿ ಇರೋ ವಸ್ತುಗೆ Keepa ಅನ್ನೋ ಎಕ್ಸ್‌ಟೆನ್ಷನ್ ಬ್ರೌಸರ್‌ಗೆ ಹಾಕ್ಕೊಳ್ಳಿ, ಪೇಜಲ್ಲೇ ಗ್ರಾಫ್ ಬರುತ್ತೆ. Flipkart ಥರದ ಕಡೆಗೆ Buyhatke ಇದೆ. ಎರಡರಲ್ಲೂ ನಿಮಗೆ ಬೇಕಾದ ಬೆಲೆ ಬರೆದಿಟ್ರೆ, ಅಷ್ಟಕ್ಕೆ ಇಳಿದಾಗ ಅಲರ್ಟ್ ಬರುತ್ತೆ.

ಆದ್ರೆ ಯಾವ ಬೆಲೆ ಬರೀಬೇಕು? ಎಲ್ರೂ ಎಡವೋದು ಇಲ್ಲೇ. ಗ್ರಾಫಲ್ಲಿ ಒಂದೇ ಒಂದು ಸಲ 36,490 ಇತ್ತು, ಕೆಲವೇ ಗಂಟೆ. ತಪ್ಪು ಬೆಲೆಯೋ, ಎರಡೇ ಪೀಸ್ ಸ್ಟಾಕೋ, ಯಾರಿಗೆ ಗೊತ್ತು. ಅದಕ್ಕೆ ಕಾಯ್ತಾ ಕೂತ್ರೆ ಡಿಗ್ರಿ ಮುಗಿಯುತ್ತೆ. 39,990 ಮಾತ್ರ ಮೂರು ಸಲ ಬಂದಿತ್ತು, ಪ್ರತಿ ಸಲ ಎರಡು ಮೂರು ದಿನ ನಿಂತಿತ್ತು. ಬಂದು ಹೋಗಿ ಮಾಡೋ ಬೆಲೆನೇ ನಂಬೋ ಬೆಲೆ. ನಾನು 40,000 ಅಂತ ಇಟ್ಟೆ. ಜೊತೆಗೆ ಒಂದು ಕೊನೇ ದಿನಾನೂ ಬರ್ಕೊಂಡೆ: ಸೆಮಿಸ್ಟರ್ ಶುರುವಾಗೋ ವಾರ. ಅಷ್ಟರಲ್ಲಿ ಇಳೀದೇ ಇದ್ರೆ ಟ್ಯೂಷನ್ ದುಡ್ಡು ಸೇರಿಸಿ 43,990ಕ್ಕೇ ತಗೊಳ್ಳೋದು ಅಂತ. ಗ್ರಾಫ್ ಹಿಂದಿನದನ್ನ ಹೇಳುತ್ತೆ, ಮುಂದಿಂದಕ್ಕೆ ಗ್ಯಾರಂಟಿ ಕೊಡಲ್ಲ.

4/5
19ನೇ ದಿನ ಅಲರ್ಟ್ ಬಂತು, 38,900! ಖುಷಿಯಾಗಿ ಓಪನ್ ಮಾಡಿದ್ರೆ ಮಾರ್ತಿರೋದು ಬೇರೆ ಯಾರೋ. ರೇಟಿಂಗ್ ನಾಲ್ಕೇ ನಾಲ್ಕು, ಡೆಲಿವರಿ ಹನ್ನೆರಡು ದಿನ. ಬಿಟ್ಟೆ. ಅಲರ್ಟ್ ಬೆಲೆ ನೋಡುತ್ತೆ, ಮಾರೋನ ಮುಖ ನೋಡಲ್ಲ. ಅದು ನಿಮ್ಮ ಕೆಲಸ. 16 ಜಿಬಿ ಟ್ರ್ಯಾಕ್ ಮಾಡಿ 8 ಜಿಬಿ ಕೊಳ್ಳೋ ತಪ್ಪೂ ಅವಸರದಲ್ಲೇ ಆಗೋದು, ಮಾಡೆಲ್ ನಂಬರ್ ಪೂರ್ತಿ ಓದಿ.

23ನೇ ದಿನ ಮತ್ತೆ ಬಂತು. 39,990, ಮಾಮೂಲಿ ಸೆಲ್ಲರ್, ಅದೇ ಮಾಡೆಲ್. ತಗೊಂಡೆ. ಚೀಟಿ ದುಡ್ಡಲ್ಲಿ ಹತ್ತು ರೂಪಾಯಿ ಉಳೀತು, ಅಮ್ಮನ ಕೈಗೆ ವಾಪಸ್ ಕೊಟ್ಟೆ.

5/5
"2,000 ರೂಪಾಯಿಗೆ ಇಷ್ಟೆಲ್ಲಾ ಯಾಕೆ?" ಅಂತೀರ. ಅಲರ್ಟ್ ಹಾಕೋಕೆ ಹಿಡಿದಿದ್ದು ಹತ್ತು ನಿಮಿಷ, ಕಾಯೋ ಕೆಲಸ ಅದೇ ಮಾಡ್ತು. ಸೇಲ್ ರಾತ್ರಿ ನೀವು ಅದಕ್ಕಿಂತ ಜಾಸ್ತಿ ಹೊತ್ತು ರಿಫ್ರೆಶ್ ಒತ್ತಿದ್ರಿ.

"ಕಾರ್ಡ್ ಆಫರ್ ಇತ್ತಲ್ಲ?" ಸರಿಯಾದ ಪ್ರಶ್ನೆ. ಗ್ರಾಫಲ್ಲಿ ಸಾಮಾನ್ಯವಾಗಿ ಬ್ಯಾಂಕ್ ಡಿಸ್ಕೌಂಟ್ ಕಾಣಲ್ಲ. ನಿಮ್ಮ ಮನೇಲಿ ಆ ಕಾರ್ಡ್ ಇದ್ರೆ ಅದನ್ನ ಕಳೆದು ಲೆಕ್ಕ ಹಾಕಿ, ಸೇಲೇ ಲಾಭ ಅನ್ನಿಸಿದ್ರೆ ಸೇಲಲ್ಲೇ ತಗೊಳ್ಳಿ. ನಮ್ಮನೇಲಿ ಕಾರ್ಡ್ ಇಲ್ಲ, ಇಲ್ಲದ ಕಾರ್ಡಿನ ಡಿಸ್ಕೌಂಟ್ ನನ್ನ ಬೆಲೆ ಅಲ್ಲ.

ಇನ್ನೊಂದು. ಎಷ್ಟೋ ಟ್ರ್ಯಾಕರ್‌ಗಳಿಗೆ ನೀವು ಅವರ ಲಿಂಕಿಂದ ಕೊಂಡ್ರೆ ಕಮಿಷನ್ ಸಿಗುತ್ತೆ. ಅದಕ್ಕೇ "ಇವತ್ತಿನ ಡೀಲ್" ಅಂತ ಕೇಳದೇ ಇದ್ದದ್ದನ್ನೂ ತೋರಿಸ್ತಾವೆ. ಆ ನೋಟಿಫಿಕೇಶನ್ ಆಫ್ ಮಾಡಿ. ಮೊದಲೇ ಬೇಕು ಅಂತ ತೀರ್ಮಾನ ಮಾಡಿದ ಒಂದು ವಸ್ತು, ಒಂದು ಬೆಲೆ, ಒಂದು ಕೊನೇ ದಿನ. ಅಲರ್ಟ್ ಅಷ್ಟಕ್ಕೇ ಇರ್ಲಿ. ಬೇಡದ ವಸ್ತು ಅತಿ ಕಮ್ಮಿ ಬೆಲೆಗೆ ಸಿಕ್ಕಿದ್ರೂ ಅದು ಖರ್ಚೇ, ಉಳಿತಾಯ ಅಲ್ಲ.

ಮುಂದಿನ ಸೇಲಿಗೆ ಗ್ರೂಪಲ್ಲಿ ಸ್ಕ್ರೀನ್‌ಶಾಟ್ ಹಾಕೋರು ಪಕ್ಕದಲ್ಲಿ ಗ್ರಾಫೂ ಹಾಕಿ. ಆಮೇಲೆ ಮಾತಾಡೋಣ.