ಹೆಸರಿನ ಇನಿಷಿಯಲ್ಲಿಗೆ ಹದಿನಾಲ್ಕು ಸಾವಿರ ದಂಡ



ಜರ್ಮನಿಯಲ್ಲಿ ಓದುತ್ತಿರುವ ಮಗನಿಗೆ ಮೈಸೂರಿನ ತಾಯಿಯೊಬ್ಬರು ಕಳುಹಿಸಿದ ಹಣ ತಿರುಗಿ ಬಂದ ಸುದ್ದಿಗೆ ಸಂಬಂಧಪಟ್ಟ ಬ್ಯಾಂಕು ನೀಡಿರುವ ಸ್ಪಷ್ಟನೆಯು, ತಪ್ಪೆಲ್ಲ ಗ್ರಾಹಕರದೇ ಎಂದು ಒಂದೇ ವಾಕ್ಯದಲ್ಲಿ ಕೈತೊಳೆದುಕೊಂಡಿದೆ. ಅರ್ಜಿಯಲ್ಲಿ MANJUNATH H S ಎಂದಿತ್ತು, ಅಲ್ಲಿನ ಖಾತೆಯಲ್ಲಿ ಪಾಸ್‌ಪೋರ್ಟಿನಂತೆ HALEKOTE SHIVANNA MANJUNATH ಎಂದಿತ್ತು. ಊರಿನ ಮತ್ತು ತಂದೆಯ ಹೆಸರನ್ನು ಇನಿಷಿಯಲ್ಲಿನಲ್ಲಿ ಅಡಗಿಸುವುದು ಕನ್ನಡಿಗರ ವಾಡಿಕೆಯೆಂಬುದು ಮೈಸೂರಿನ ಶಾಖೆಗೇ ಗೊತ್ತಿಲ್ಲವೆಂದರೆ ಅದನ್ನು ನಂಬಬೇಕಾದ್ದು ಓದುಗರ ಪುಣ್ಯ.

ದೇಶದೊಳಗಿನ ನೆಫ್ಟ್ ವರ್ಗಾವಣೆಯಲ್ಲಿ ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ. ಅಲ್ಲಿಯೂ ಕಳುಹಿಸುವ ಮುನ್ನ ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ವಿದೇಶಕ್ಕೆ ಹೋಗುವ ಹಣದ ಕಥೆ ಬೇರೆ: ಬ್ಯಾಂಕುಗಳು ಪರಸ್ಪರ ಪಾವತಿ ಸಂದೇಶ ಕಳುಹಿಸಲು ಬಳಸುವ ಸ್ವಿಫ್ಟ್ ಜಾಲದಲ್ಲಿ ಹೆಸರು, ವಿಳಾಸಗಳೂ ಸಾಗುತ್ತವೆ, ಅವು ತಾಳೆಯಾಗದಿದ್ದರೆ ಪಡೆಯುವ ಬ್ಯಾಂಕು ಹಣವನ್ನು ಹಿಂದಿರುಗಿಸಬಹುದು. ಖಾತೆಯ ವಿವರವನ್ನು ಮುಂಚೆಯೇ ಪರಿಶೀಲಿಸುವ ಸೇವೆಯನ್ನು ಸ್ವಿಫ್ಟ್ ಸಂಸ್ಥೆಯೇ ಬ್ಯಾಂಕುಗಳಿಗೆ ಒದಗಿಸಿರುವಾಗ, ಕೌಂಟರಿನಲ್ಲಿ ಸಿಗುವುದು ಮಾತ್ರ ಒಂದು ಖಾಲಿ ಗೆರೆ ಮತ್ತು ‘ಸರಿಯಾಗಿ ತುಂಬಿ’ ಎಂಬ ಗದರಿಕೆ.

ನಷ್ಟದ ಲೆಕ್ಕವನ್ನು ಸ್ಪಷ್ಟನೆ ಮುಟ್ಟಿಯೇ ಇಲ್ಲ. ಬ್ಯಾಂಕು ಯೂರೋವನ್ನು ಮಾರುವ ದರ 102 ರೂಪಾಯಿ, ಕೊಳ್ಳುವ ದರ 99 ಎಂದಿಟ್ಟುಕೊಂಡರೆ, 3,000 ಯೂರೋ ಕಳುಹಿಸಲು 3,06,000 ರೂಪಾಯಿ ಮತ್ತು ಜಿಎಸ್‌ಟಿ ಸೇರಿ 1,180 ರೂಪಾಯಿ ಕಮಿಷನ್ ಕೊಡಬೇಕು. ಹಿಂದಿರುಗುವ ದಾರಿಯಲ್ಲಿ ಮಧ್ಯವರ್ತಿ ಬ್ಯಾಂಕುಗಳು, ಅಂದರೆ ನೇರ ಸಂಬಂಧವಿಲ್ಲದ ಎರಡು ಬ್ಯಾಂಕುಗಳ ನಡುವೆ ಹಣ ದಾಟಿಸುವವು, 45 ಯೂರೋ ಮುರಿದುಕೊಂಡರೆ ಉಳಿದ 2,955 ಯೂರೋ ಕೊಳ್ಳುವ ದರದಲ್ಲಿ 2,92,545 ರೂಪಾಯಿಯಾಗಿ ಖಾತೆ ಸೇರುತ್ತದೆ. ಒಟ್ಟು ನಷ್ಟ 14,635 ರೂಪಾಯಿ, ಮಗನ ಕೈಗೆ ಒಂದು ಸೆಂಟೂ ಸೇರದೆ. ಇದರಲ್ಲಿ ಮಧ್ಯವರ್ತಿಗಳ ಪಾಲಿಗಿಂತ ದೊಡ್ಡದು ಎರಡು ದರಗಳ ನಡುವಿನ ಅಂತರ. ಅದು ಹೋಗುವುದು ಅದೇ ಶಾಖೆಯ ಬ್ಯಾಂಕಿಗೆ. ಎಲ್ಲ ಶುಲ್ಕವನ್ನೂ ಕಳುಹಿಸುವವರೇ ಭರಿಸುವ OUR ಆಯ್ಕೆಯನ್ನು ಗುರುತು ಹಾಕಿದರೂ, ಹಿಂದಿರುಗಿಸುವಾಗಿನ ಮುರಿತ ಅದರಿಂದ ತಪ್ಪುವುದು ಖಚಿತವಲ್ಲ.

ಸಾಲದ್ದಕ್ಕೆ, ಹಣ ಹಿಂದಿರುಗಿದ ಕಾರಣ ಸಂದೇಶದಲ್ಲಿ ಬಂದಿದ್ದರೂ ಆ ತಾಯಿಗೆ ಸಿಕ್ಕಿದ್ದು ‘ರಿಟರ್ನ್ ಆಗಿದೆ’ ಎಂಬ ಒಂದು ಎಸ್‌ಎಂಎಸ್ ಮಾತ್ರ. ಕಾರಣ ತಿಳಿಯದವರು ಅದೇ ಇನಿಷಿಯಲ್ ಬರೆದು ಮತ್ತೊಮ್ಮೆ ಕಳುಹಿಸಿದರೆ ಬ್ಯಾಂಕಿಗೆ ಮತ್ತೊಂದು ಕಮಿಷನ್ ಸಿಗುತ್ತದೆ. ಬಹುಶಃ ಗ್ರಾಹಕಸ್ನೇಹಿ ಸೇವೆಯೆಂದರೆ ಇದೇ ಇರಬೇಕು. ‘ವಿದೇಶದ ಖಾತೆಯಲ್ಲಿರುವಂತೆ ಪೂರ್ಣ ಹೆಸರು ಬರೆಯಿರಿ, ಇನಿಷಿಯಲ್ ಬೇಡ’ ಎಂಬ ಸಾಲನ್ನು ಅರ್ಜಿಯಲ್ಲಿ ಕನ್ನಡದಲ್ಲಿ ಅಚ್ಚುಹಾಕಿಸಲು ಆಗುವ ಖರ್ಚೆಷ್ಟು ಎಂಬುದನ್ನು, ತಾನು ಮರಳಿ ಕೊಡುವ ಕಮಿಷನ್ನಿನ ಮೊತ್ತದೊಂದಿಗೆ, ಬ್ಯಾಂಕು ತನ್ನ ಮುಂದಿನ ಸ್ಪಷ್ಟನೆಯಲ್ಲಿ ತಿಳಿಸಲಿ.

— ಓದುಗರೊಬ್ಬರು, ಮೈಸೂರು