ಉಲ್ಲೇಖವಿಲ್ಲದ ದೂರು

ಮೊಬೈಲಿನಿಂದ ಕಳುಹಿಸಿದ ಹಣ ನಡುದಾರಿಯಲ್ಲಿ ಸಿಕ್ಕಿಕೊಂಡಿತೆಂದರೆ ನಮ್ಮ ಬಂಧುಬಳಗದಲ್ಲಿ ಮೊದಲು ಕೇಳಿಬರುವ ಉಪದೇಶ ಒಂದೇ: "ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಜೋರು ಮಾಡಿ." ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ನನ್ನ ಹಳೆಯ ವಿದ್ಯಾರ್ಥಿಗಳು ಕೂಡ ಊರಿನಲ್ಲಿರುವ ತಂದೆತಾಯಿಯರಿಗೆ ಹೇಳುವುದು ಇದನ್ನೇ. "ಎಲ್ಲ ಅವರ ಕಂಪ್ಯೂಟರಿನಲ್ಲಿಯೇ ಇರುತ್ತದೆ. ನಂಬರು, ವೇಳೆ, ಫೋಟೋ ಎಂದು ನಮ್ಮನ್ನೇಕೆ ಪೀಡಿಸಬೇಕು?" ಎಂಬುದು ಅವರ ವಾದ. ಈ ವಾದವನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ತಾಳ್ಮೆಯಿಂದ ಓದಿರೆಂದು ಕೋರುತ್ತೇನೆ.

ಹೈಸ್ಕೂಲಿನಲ್ಲಿ ಅರ್ಜಿ ಬರೆಯುವುದನ್ನು ಕಲಿಸುವಾಗ "ವಿಷಯ" ಎಂಬ ಸಾಲಿನ ಕೆಳಗೆ "ಉಲ್ಲೇಖ" ಎಂಬ ಇನ್ನೊಂದು ಸಾಲನ್ನು ಬರೆಸುತ್ತಿದ್ದುದು ನಿಮಗೆ ನೆನಪಿರಬಹುದು. ಅನೇಕರು ಅದನ್ನು ಅಲಂಕಾರವೆಂದು ಭಾವಿಸಿ ಬಿಟ್ಟುಬಿಡುತ್ತಿದ್ದಿರಿ. ವಿಷಯವು ನಿಮ್ಮ ಅಳಲನ್ನು ಹೇಳುತ್ತದೆ. ಅದನ್ನು ಯಾವ ಕಡತದಲ್ಲಿ ಹುಡುಕಬೇಕೆಂದು ಹೇಳುವುದು ಉಲ್ಲೇಖ. ಇಂದು ಆ್ಯಪ್‌ಗಳಿಗೆ ಬರೆಯುವ ದೂರುಗಳಲ್ಲಿ ವಿಷಯ ಧಾರಾಳವಾಗಿರುತ್ತದೆ, ಉಲ್ಲೇಖ ಮಾತ್ರ ಇರುವುದಿಲ್ಲ.

"ಅವರ ಬಳಿಯೇ ಎಲ್ಲವೂ ಇದೆ" ಎಂಬ ಮಾತಿನಲ್ಲಿ "ಅವರು" ಎಂದರೆ ಯಾರು? ಯುಪಿಐ ಮೂಲಕ ಹಣ ಕಳುಹಿಸುವಾಗ ನಾವು ಕಾಣುವುದು ಆ್ಯಪ್ ಒಂದನ್ನೇ. ಅದರ ಹಿಂದೆ ನಮ್ಮ ಬ್ಯಾಂಕು, ಹಣ ಪಡೆಯುವವರ ಬ್ಯಾಂಕು ಮತ್ತು ಇವೆರಡರ ನಡುವೆ ಸಂದೇಶವನ್ನು ಸಾಗಿಸುವ ರಾಷ್ಟ್ರೀಯ ಪಾವತಿ ನಿಗಮ ಇವೆ. ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೋಗುವ ಹಣವನ್ನು ಆ್ಯಪ್ ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ನಮ್ಮ ಬ್ಯಾಂಕು ಹಣವನ್ನು ಕಡಿತ ಮಾಡಿದ ಮೇಲೆ ಆ ಕಡೆಯ ಬ್ಯಾಂಕಿನಿಂದ ಸಕಾಲಕ್ಕೆ ಉತ್ತರ ಬಾರದಿದ್ದರೆ ವ್ಯವಹಾರ ತೂಗುಯ್ಯಾಲೆಯಲ್ಲಿ ನಿಲ್ಲುತ್ತದೆ. ಆಗಲೇ ಪರದೆಯ ಮೇಲೆ `Processing` ಅಥವಾ `Pending` ಎಂದು ಕಾಣುವುದು.

ಇಷ್ಟು ಮಂದಿಯ ಲೆಕ್ಕಗಳಿಗೂ ಸಾಮಾನ್ಯವಾದ ಗುರುತು ಹನ್ನೆರಡು ಅಂಕಿಗಳ ಒಂದು ಸಂಖ್ಯೆ. ಕೆಲವು ಆ್ಯಪ್‌ಗಳಲ್ಲಿ ಅದು `UTR` ಎಂದೂ, ಕೆಲವುಗಳಲ್ಲಿ `UPI Ref No` ಅಥವಾ `UPI transaction ID` ಎಂದೂ ಕಾಣುತ್ತದೆ. ಬಹುತೇಕ ಬ್ಯಾಂಕುಗಳ ಖಾತಾ ವಿವರದಲ್ಲಿಯೂ ಆ ಕಡಿತದ ಸಾಲಿನಲ್ಲೇ ಇದು ಇರುತ್ತದೆ. ಇದರ ಪಕ್ಕದಲ್ಲಿ ಆ್ಯಪ್ ತನ್ನದೇ ಆದ ಇನ್ನೊಂದು ಉದ್ದನೆಯ ಸಂಖ್ಯೆಯನ್ನೂ ಕೊಟ್ಟಿರಬಹುದು. ಅದರಲ್ಲಿ ಅಕ್ಷರಗಳು ಬೆರೆತಿರುವುದುಂಟು. ಅದು ಆ್ಯಪ್‌ನವರಿಗೆ ಅರ್ಥವಾಗುತ್ತದೆ, ಬ್ಯಾಂಕಿನವರಿಗೆ ಅರ್ಥವಾಗುವುದಿಲ್ಲ. ಬ್ಯಾಂಕಿನ ಗುಮಾಸ್ತೆ "ಈ ನಂಬರು ನಮ್ಮಲ್ಲಿ ಬರುತ್ತಿಲ್ಲ" ಎಂದಾಗ ಆತ ನುಣುಚಿಕೊಳ್ಳುತ್ತಿದ್ದಾನೆಂದು ರೇಗುವವರು, ತಾವು ಕೊಟ್ಟದ್ದು ಯಾವ ಸಂಖ್ಯೆಯೆಂದು ಒಮ್ಮೆ ನೋಡಿಕೊಳ್ಳಬೇಕು.

ಒಂದು ಪ್ರಕರಣವನ್ನು ಬಿಡಿಸಿ ಹೇಳುತ್ತೇನೆ. ನನ್ನ ದಿವಂಗತ ಸಹೋದ್ಯೋಗಿಯೊಬ್ಬರ ಪತ್ನಿ ಕುಟುಂಬ ಪಿಂಚಣಿಯಲ್ಲಿ ಬದುಕುವವರು. 2025ರ ಮಾರ್ಚ್ 8, ಶನಿವಾರ ಸಂಜೆ 7.42ಕ್ಕೆ, ಬೆಂಗಳೂರಿನಲ್ಲಿ ಓದುತ್ತಿರುವ ಮಗಳ ಪಿ.ಜಿ. ಬಾಡಿಗೆಯೆಂದು ಅದರ ಮಾಲೀಕರ ಸ್ವಂತ ಖಾತೆಗೆ 8,500 ರೂಪಾಯಿ ಕಳುಹಿಸಿದರು. ಪರದೆಯ ಮೇಲೆ `Processing` ಎಂದೇ ನಿಂತಿತು. ಮಾಲೀಕರು ಅವಸರಪಡಿಸಿದ್ದರಿಂದ 7.51ಕ್ಕೆ ಅಷ್ಟೇ ಮೊತ್ತವನ್ನು ಮತ್ತೊಮ್ಮೆ ಕಳುಹಿಸಿದರು. ಎರಡನೆಯದು ತಲುಪಿತು. ಮೊದಲನೆಯದು ತಲುಪಲಿಲ್ಲ, ಹಿಂತಿರುಗಲೂ ಇಲ್ಲ. ಖಾತೆಯಿಂದ ಹದಿನೇಳು ಸಾವಿರ ಹೋಗಿತ್ತು.

ಮುಂದಿನ ಸೋಮವಾರದಿಂದ ಗುರುವಾರದವರೆಗೆ ಮೂರು ದೂರುಗಳು ಹೋದವು. ಮೂರರಲ್ಲಿಯೂ ಇದ್ದದ್ದು ಒಂದೇ ವಾಕ್ಯ: "ಶನಿವಾರ ಸಂಜೆ ಕಳುಹಿಸಿದ 8,500 ರೂಪಾಯಿ ಮಾಲೀಕರಿಗೆ ಸೇರಿಲ್ಲ." ಸಹಾಯಕೇಂದ್ರದವರು ಶನಿವಾರ ಸಂಜೆಯ 8,500 ರೂಪಾಯಿಗಳನ್ನು ಹುಡುಕಿದರು. ಯಶಸ್ವಿಯಾದ ಪಾವತಿ ಕಣ್ಣಿಗೆ ಬಿತ್ತು. "ಹಣ ತಲುಪಿದೆ" ಎಂದು ಬರೆದು ಮೂರು ಬಾರಿಯೂ ದೂರನ್ನು ಮುಚ್ಚಿದರು. ಆ ತಾಯಿ ಫೋನಿನಲ್ಲಿ ಅತ್ತರು, ಅವರ ತಮ್ಮ ಕೂಗಾಡಿದರು. ಅಳುವಿಗಾಗಲಿ ಕೂಗಾಟಕ್ಕಾಗಲಿ 7.42ನ್ನೂ 7.51ನ್ನೂ ಬೇರ್ಪಡಿಸುವ ಶಕ್ತಿ ಇರಲಿಲ್ಲ.

ಶುಕ್ರವಾರ ನಾನು ಅವರ ಮನೆಗೆ ಹೋಗಿ ಜೊತೆಯಲ್ಲಿ ಕುಳಿತೆ. ಆ್ಯಪ್‌ನಲ್ಲಿ ಎರಡೂ ಪಾವತಿಗಳ ವಿವರಪುಟಗಳನ್ನು ಒಂದೊಂದಾಗಿ ತೆರೆದು ಸ್ಕ್ರೀನ್‌ಶಾಟ್ ತೆಗೆದೆವು. ಬ್ಯಾಂಕಿನ ಖಾತಾ ವಿವರದಲ್ಲಿ ಎರಡೂ ಕಡಿತಗಳನ್ನು ಹುಡುಕಿ ಹನ್ನೆರಡು ಅಂಕಿಗಳನ್ನು ಆ್ಯಪ್‌ನ ಸಂಖ್ಯೆಗಳೊಡನೆ ತಾಳೆ ನೋಡಿದೆವು. ಮಾಲೀಕರನ್ನು ವಿನಂತಿಸಿ, ಅವರ ಖಾತೆಗೆ 8 ಮತ್ತು 9ನೇ ತಾರೀಖು ಜಮೆಯಾದ ಸಾಲುಗಳ ಚಿತ್ರವನ್ನು ತರಿಸಿಕೊಂಡೆವು. ಅದರಲ್ಲಿ 8,500ರ ಜಮೆ ಒಂದೇ ಇತ್ತು, ಮತ್ತು ಅದರ ಸಂಖ್ಯೆ 7.51ರ ಪಾವತಿಯದು. ಅಲ್ಲಿಗೆ ಪ್ರಮೇಯ ಸಾಧಿತವಾಯಿತು.

ನಾವು ಬರೆದ ದೂರಿನಲ್ಲಿದ್ದದ್ದು ಇಷ್ಟೇ: "8-3-2025ರಂದು ಒಂದೇ ಮೊತ್ತದ ಎರಡು ಪಾವತಿಗಳು ನಡೆದಿವೆ. 7.51ರದು ತಲುಪಿದೆ, ಅದರ ಬಗ್ಗೆ ದೂರಿಲ್ಲ. 7.42ರದು ನನ್ನ ಖಾತೆಯಿಂದ ಕಡಿತವಾಗಿದೆ, ಪಡೆಯುವವರ ಖಾತೆಗೆ ಜಮೆಯಾಗಿಲ್ಲ, ಹಿಂತಿರುಗಿಯೂ ಇಲ್ಲ. ಅದರ ಸಂಖ್ಯೆ ಇದು. ಹಿಂದೆ ಮುಚ್ಚಲಾದ ದೂರುಗಳ ಸಂಖ್ಯೆಗಳು ಇವು." ಇದನ್ನು ಆ್ಯಪ್‌ನೊಳಗಿನ ಸಹಾಯ ವಿಭಾಗದಲ್ಲಿಯೂ, ಬ್ಯಾಂಕಿಗೆ ಇ-ಮೇಲ್ ಮೂಲಕವೂ ಕಳುಹಿಸಿದೆವು. ಮಾರ್ಚ್ 19ರಂದು ಹಣ ಹಿಂತಿರುಗಿತು.

ಸ್ಕ್ರೀನ್‌ಶಾಟ್ ತೆಗೆಯುವುದರಲ್ಲಿಯೂ ಒಂದು ಕ್ರಮವಿದೆ. ಪಾವತಿಗಳ ಪಟ್ಟಿಯ ಚಿತ್ರದಿಂದ ಪ್ರಯೋಜನ ಅಲ್ಪ. ಆ ಒಂದು ಪಾವತಿಯ ಮೇಲೆ ಒತ್ತಿದಾಗ ತೆರೆಯುವ ಪುಟದಲ್ಲಿ ಸ್ಥಿತಿ, ವೇಳೆ, ಪಡೆಯುವವರ ಯುಪಿಐ ವಿಳಾಸ ಮತ್ತು ಸಂಖ್ಯೆ ಎಲ್ಲವೂ ಇರುತ್ತವೆ. ಅಂಚನ್ನು ಕತ್ತರಿಸದೆ ಆ ಪುಟವನ್ನು ಇಡಿಯಾಗಿ ತೆಗೆಯಿರಿ. ಹಣ ಸಿಕ್ಕಿಕೊಂಡಿರುವಾಗಲೇ ತೆಗೆಯಿರಿ, ಏಕೆಂದರೆ ಆಮೇಲೆ ಸ್ಥಿತಿ ಬದಲಾಗಬಹುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಚಿತ್ರವನ್ನು ಲಗತ್ತಿಸಿದರೆ ಸಾಲದು. ಸಂಖ್ಯೆಯನ್ನು ದೂರಿನಲ್ಲಿ ಅಕ್ಷರರೂಪದಲ್ಲಿಯೂ ಕೊಡಬೇಕು. ಚಿತ್ರವನ್ನು ನೋಡಿ ಹನ್ನೆರಡು ಅಂಕಿಗಳನ್ನು ನಕಲು ಮಾಡುವವರು ಒಂದನ್ನು ತಪ್ಪಿದರೂ ನಿಮ್ಮ ದೂರು ಬೇರೆ ಯಾರದೋ ವ್ಯವಹಾರಕ್ಕೆ ಅಂಟಿಕೊಳ್ಳುತ್ತದೆ. ಬ್ಯಾಂಕಿನ ವಿವರದಿಂದ ಆ ಸಾಲು ಮಾತ್ರ ಸಾಕು, ಇಡೀ ತಿಂಗಳ ಜಮಾಖರ್ಚು ಬೇಡ. ಪಿನ್ನು, ಒಟಿಪಿಗಳನ್ನು ಯಾವ ದೂರಿಗೂ ಯಾರೂ ಕೇಳಬೇಕಾಗಿಲ್ಲ. ಕೇಳಿದವನು ಕಳ್ಳನೆಂದೇ ತಿಳಿಯಿರಿ.

ವೇಳೆಯನ್ನು ಬರೆದಿಡಬೇಕಾದ ಇನ್ನೊಂದು ಕಾರಣವನ್ನು ಬಹಳ ಮಂದಿ ಅರಿತಿಲ್ಲ. 2019ರ ಸೆಪ್ಟೆಂಬರ್ 20ರಂದು ರಿಸರ್ವ್ ಬ್ಯಾಂಕು ಒಂದು ಸುತ್ತೋಲೆಯನ್ನು ಹೊರಡಿಸಿತು. ಅದರಂತೆ, ಯುಪಿಐಯಲ್ಲಿ ಖಾತೆಯಿಂದ ಖಾತೆಗೆ ಕಳುಹಿಸಿದ ಹಣ ಕಡಿತವಾಗಿ ಆ ಕಡೆ ಜಮೆಯಾಗದಿದ್ದರೆ ವ್ಯವಹಾರದ ಮರುದಿನದೊಳಗೆ ಅದು ತಾನಾಗಿಯೇ ಹಿಂತಿರುಗಬೇಕು. ಅಂಗಡಿಯವರಿಗೆ ಮಾಡಿದ ಪಾವತಿಯು ಅವರಿಗೆ ಖಾತರಿಯಾಗದೆ ಉಳಿದಿದ್ದರೆ ಐದು ದಿನಗಳ ಅವಧಿ. ಅವಧಿ ಮೀರಿದ ಪ್ರತಿ ದಿನಕ್ಕೆ ನೂರು ರೂಪಾಯಿ ಪರಿಹಾರವನ್ನು ಗ್ರಾಹಕ ಕೇಳದೆಯೇ ಕೊಡಬೇಕು. ಆ ತಾಯಿಯ ಪ್ರಕರಣದಲ್ಲಿ ಅವಧಿ ಮಾರ್ಚ್ 9ಕ್ಕೆ ಮುಗಿಯಿತು. ಹಣ ಬಂದದ್ದು 19ಕ್ಕೆ. ಹತ್ತು ದಿನ, ಒಂದು ಸಾವಿರ ರೂಪಾಯಿ. ಅದು ತಾನಾಗಿ ಬರಲಿಲ್ಲ. ಅದೇ ಸಂಖ್ಯೆ ಮತ್ತು ತಾರೀಖುಗಳನ್ನು ಕೊಟ್ಟು ಇನ್ನೊಂದು ಪತ್ರ ಬರೆದ ಮೇಲೆ ಬಂತು. ವೇಳೆಯನ್ನು ಹೇಳಲಾರದವನು ಈ ಲೆಕ್ಕದ ಗಡಿಯಾರವನ್ನು ಎದುರು ಪಕ್ಷದವರ ಕೈಗೆ ಕೊಟ್ಟಂತೆ.

ದೂರು ಕೊಟ್ಟ ದಿನಾಂಕವನ್ನೂ ದೂರಿನ ಸಂಖ್ಯೆಯನ್ನೂ ಹೀಗೆಯೇ ಕಾಪಾಡಬೇಕು. ಮೂವತ್ತು ದಿನಗಳಲ್ಲಿ ಬ್ಯಾಂಕು ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ `cms.rbi.org.in` ಎಂಬಲ್ಲಿ ದೂರಬಹುದು. ಅಲ್ಲಿ ಮೊದಲು ಕೇಳುವುದೇ, ಬ್ಯಾಂಕಿಗೆ ಎಂದು ಬರೆದಿರಿ ಎಂಬುದನ್ನು. "ಹತ್ತು ಸಲ ಫೋನ್ ಮಾಡಿದೆ" ಎಂಬುದು ಅದಕ್ಕೆ ಉತ್ತರವಾಗದು.

ಬಲವಂತನಾದ ಸಂಸ್ಥೆಯ ಕೆಲಸವನ್ನು ದುರ್ಬಲನಾದ ಗ್ರಾಹಕನ ತಲೆಗೆ ಕಟ್ಟುವುದು ನ್ಯಾಯವೇ ಎಂದು ನೀವು ಕೇಳಬಹುದು. ಅಲ್ಲವೆಂದೇ ನನ್ನ ಉತ್ತರ. ಮೂರು ಬಾರಿ ದೂರನ್ನು ಮುಚ್ಚಿದವರಲ್ಲಿ ಒಬ್ಬರಾದರೂ "ಎರಡು ಪಾವತಿಗಳಿವೆ, ಯಾವುದು?" ಎಂದು ಕೇಳಬೇಕಿತ್ತು. ಕೇಳದೆ ಹೋದದ್ದು ಅವರ ಲೋಪ. ಆದರೆ ಆ ಲೋಪವನ್ನು ಹಿಡಿದು ತೋರಿಸಲಿಕ್ಕೂ ನಮ್ಮ ಕೈಯಲ್ಲಿ ಸಂಖ್ಯೆ ಬೇಕು. ದಾಖಲೆಯನ್ನು ಕೂಡಿಸುವುದು ಸಂಸ್ಥೆಗೆ ಮಾಡುವ ಸೇವೆಯೆಂದು ನಾನು ತಿಳಿದಿಲ್ಲ. ಅದಕ್ಕೆ ನುಣುಚಿಕೊಳ್ಳುವ ದಾರಿಗಳನ್ನು ಮುಚ್ಚುವ ಉಪಾಯವೆಂದು ತಿಳಿದಿದ್ದೇನೆ.

ನನ್ನ ಮಾತಿಗೆ ಎರಡು ಮಿತಿಗಳುಂಟು. ಹಣವನ್ನು ತಪ್ಪು ವ್ಯಕ್ತಿಗೆ ಕಳುಹಿಸಿ ಅದು ಅವರಿಗೆ ಜಮೆಯಾಗಿದ್ದರೆ ಅದು ವಿಫಲವಾದ ವ್ಯವಹಾರವಲ್ಲ. ಮರುದಿನದ ನಿಯಮವೂ ನೂರು ರೂಪಾಯಿಯ ಪರಿಹಾರವೂ ಅದಕ್ಕೆ ಸಲ್ಲವು. ಇನ್ನು ಮೋಸದಿಂದ ಹಣ ಹೋಗಿದ್ದರೆ ದಾಖಲೆ ಜೋಡಿಸುತ್ತ ಕುಳಿತಿರಬಾರದು. ತತ್‌ಕ್ಷಣ 1930ಕ್ಕೂ ಬ್ಯಾಂಕಿಗೂ ಕರೆಮಾಡಬೇಕು, ಕಾಗದಪತ್ರ ಆಮೇಲೆ. ಸಹಾಯವಾಣಿಯ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕುವುದು, ಸ್ಕ್ರೀನ್‌ಶಾಟನ್ನು ಸಾರ್ವಜನಿಕವಾಗಿ ಹಾಕಿ ಗೋಳಾಡುವುದು ಎರಡೂ ಅಪಾಯ. ಸಹಾಯಕರ ವೇಷ ತೊಟ್ಟ ವಂಚಕರು ಅಲ್ಲಿಯೇ ಹೊಂಚು ಹಾಕಿರುತ್ತಾರೆ.

ದೂರದಲ್ಲಿರುವ ನನ್ನ ವಿದ್ಯಾರ್ಥಿಗಳೇ, ಮುಂದಿನ ಬಾರಿ ಅಮ್ಮನೋ ಮಾವನೋ ಗಾಬರಿಯಿಂದ ಫೋನ್ ಮಾಡಿದಾಗ "ಜೋರು ಮಾಡಿ" ಎನ್ನಬೇಡಿ. ಪಾವತಿಯ ಪುಟವನ್ನು ತೆರೆಯಿಸಿ, ಹನ್ನೆರಡು ಅಂಕಿಗಳನ್ನು ಗಟ್ಟಿಯಾಗಿ ಓದಿಸಿ, ನೀವು ಬರೆದುಕೊಳ್ಳಿ. ಅದಕ್ಕೆ ಹಿಡಿಯುವುದು ಐದು ನಿಮಿಷ.