ಕೊನೆಯ ಸಾಲಿಗೆ ಬೀಗ ಏಕೆ?

“ಮೇಡಂ, ಹಾಡೇನೋ ಚೆನ್ನಾಗಿದೆ, ಕೊನೆಗೊಂದು ಸಂದೇಶ ಸೇರಿಸಿಬಿಡಿ” ಎಂದರು ನಮ್ಮ ಮಂಚೇನಹಳ್ಳಿಯ ಸಮಾರಂಭವೊಂದರ ಸಂಘಟಕರು. ಉತ್ತರ ಪಿನಾಕಿನಿಯ ಮೇಲೆ ನಾನು ಬರೆದ ಭಾವಗೀತೆ ಅದು. ಅವರೇ ಸಾಲನ್ನೂ ಹೊಸೆದು ತಂದಿದ್ದರು: “ನಾಳೆ ಬರುವುದು ನೀರು, ನಗುವುದೆಮ್ಮ ಊರು.” ಪ್ರಾಸ ಸರಿಯಾಗಿಯೇ ಇತ್ತು. ಆದರೆ ನೀರು ಬರುತ್ತದೆಂದು ಇವರಿಗೆ ಹೇಳಿದವರು ಯಾರು?

ಸಂದೇಶ ಬೇಕಾದರೆ ಗೋಡೆಯ ಮೇಲೆ ಬರೆಸಲಿ. ಹೊಳೆಯ ಮರಳು ಲಾರಿ ಏರಿ ಹೋದದ್ದನ್ನು ಕಣ್ಣಾರೆ ಕಂಡವರ ಮುಂದೆ ಇಂಥ ಸಾಲು ಹಾಡುವುದೆಂದರೆ, ಅಳುವ ಮಗುವಿನ ಕೈಗೆ ಬೆಲ್ಲದ ಚೂರು ಕೊಟ್ಟು ಸುಮ್ಮನಾಗಿಸಿದ ಹಾಗೆ.

ಹಾಗೆಂದು ಪ್ರಶ್ನೆಯ ಚಿಹ್ನೆ ಹಾಕಿದ ಮಾತ್ರಕ್ಕೆ ಸಾಲು ತೆರೆದುಕೊಳ್ಳುವುದಿಲ್ಲ. ಮೊದಲು ನಾನೂ ಎಡವಿದ್ದೆ. “ಒರತೆ ಮತ್ತೆ ಬಾರದೆ?” ಎಂದು ಬರೆದೆ. ಓದಿನೋಡಿ, “ಬಂದೇ ಬರುತ್ತದೆ” ಎಂಬ ಉತ್ತರ ಅದರೊಳಗೇ ಕುಳಿತಿದೆ. ನಮ್ಮ ಕನ್ನಡದ ‘ಏ’ಕಾರ ಬಲು ಚಾಲಾಕಿ, ಪ್ರಶ್ನೆಗೂ ಅದೇ, ಒತ್ತಿ ಹೇಳುವುದಕ್ಕೂ ಅದೇ. ಗೋಪಾಲಕೃಷ್ಣ ಅಡಿಗರು ‘ಯಾವ ಮೋಹನ ಮುರಳಿ’ಯಲ್ಲಿ ಬದುಕನ್ನು ಕುರಿತು ಕೇಳಿದ ಪ್ರಶ್ನೆಯನ್ನೇ ಜನ ಚಿಹ್ನೆ ಕಿತ್ತುಹಾಕಿ ಸುಭಾಷಿತ ಮಾಡಿಕೊಂಡಿಲ್ಲವೇ! ‘ಯಾರು’, ‘ಎಲ್ಲಿ’ ಎಂದು ಕೇಳಿದರೆ ಹಾಗೆ ಮಾಡುವುದು ಕಷ್ಟ. ಅದಕ್ಕೇ ಹೀಗೆ ತಿದ್ದಿದೆ:

ಬೊಗಸೆ ಒರತೆಗೆ ಬಗ್ಗಿ ಕಾದಳು ಅಮ್ಮ ಅಂದು,
ಮರಳೆ ಇಲ್ಲದ ಹೊಳೆಗೆ ನಾನು ಬಗ್ಗಲೆಲ್ಲಿ ಇಂದು?

ಇಲ್ಲಿಗೆ ಮುಗಿಯಿತು ಎಂದುಕೊಂಡರೆ ಅಭ್ಯಾಸದ ದಿನ ಇನ್ನೊಂದು ತೊಡಕು. ಸುಗಮ ಸಂಗೀತದಲ್ಲಿ ಕೊನೆಯ ಚರಣ ಆದಮೇಲೆ ಗಾಯಕಿ ಮತ್ತೆ ಪಲ್ಲವಿಗೆ ಬರುತ್ತಾಳೆ. ಕಾಗದದ ಮೇಲಿನ ಕೊನೆಯ ಸಾಲು ಕಿವಿಗೆ ಕೊನೆಯದಲ್ಲ. ನನ್ನ ಪಲ್ಲವಿಯೋ “ಪಿನಾಕಿನಿ ನಮ್ಮ ತಾಯಿ” ಎಂಬ ಹೇಳಿಕೆ. ಅದು ಮರಳಿದ್ದೇ ತಡ, ಪ್ರಶ್ನೆ ಅದರಡಿ ಮುಚ್ಚಿಹೋಯಿತು. ಅಡಿಗರ ಗೀತೆಗೆ ಈ ಭಯವಿಲ್ಲ. ಅದು ತೊಡಗುವುದೂ ಪ್ರಶ್ನೆಯಿಂದ, ಕೊನೆಗೆ ಮರಳುವುದೂ ಅದೇ ಪ್ರಶ್ನೆಗೆ. 1997ರ ‘ಅಮೆರಿಕ! ಅಮೆರಿಕ!!’ ಸಿನಿಮಾದಲ್ಲಿ ಅದನ್ನು ಕೇಳಿದವರಿಗೆ ಇದು ನೆನಪಿರಬಹುದು.

ಎಲ್ಲ ಹಾಡಿಗೂ ಇದು ಸಲ್ಲದು, ಒಪ್ಪುತ್ತೇನೆ. ಜೋಗುಳ ಪ್ರಶ್ನೆಯಲ್ಲಿ ನಿಂತರೆ ಮಗು ಮಲಗೀತೇ? ಏನು ಹೇಳಬೇಕೆಂದು ತೋಚದೆ ಪ್ರಶ್ನೆಗೆ ಜೋತುಬೀಳುವ ಕವಿಗಳೂ ಇದ್ದಾರೆ. ಹಿಂದಿನ ಚರಣಗಳು ಅಮ್ಮನನ್ನೂ ಕೊಡವನ್ನೂ ಒರತೆಯನ್ನೂ ಕಣ್ಣಮುಂದೆ ತಂದಿರದಿದ್ದರೆ ನನ್ನ “ಎಲ್ಲಿ” ಕೂಡ ಬರೀ ಸೋಗೇ.

ಕೊನೆಗೆ ಗಾಯಕಿಗೆ, “ಪಲ್ಲವಿಗೆ ಬರಬೇಡಮ್ಮ, ‘ಇಂದು’ ಎಂದಲ್ಲೇ ನಿಲ್ಲಿಸು” ಎಂದೆ. “ಮುಗಿದ ಹಾಗೇ ಅನ್ನಿಸೋದಿಲ್ಲ ಮೇಡಂ” ಎಂದಳು, ಆದರೂ ನಿಲ್ಲಿಸಿದಳು. ಚಪ್ಪಾಳೆ ತಡವಾಯಿತು. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಗಟ್ಟಿಯಾಗಿಯೇ ಅಂದರು: “ಸೇತುವೆ ಕೆಳಗೆ ಇನ್ನೂ ಒಂದಿಷ್ಟು ಮರಳೈತೆ ಕಣಮ್ಮ, ತೋಡಿ ನೋಡು.”